ಟೋಕನ್ ಮತ್ತು ವೈ ಸಿದ್ಧಾಂತ

ಕನಕಪುರ ರಸ್ತೆಯ ಬದಿಯ ಹೊಲಗಳಲ್ಲಿ ಒಂದೊಂದಾಗಿ ಶೆಡ್ಡುಗಳು ಎದ್ದ ಕಾಲ ಅದು. ಅಂಥ ಒಂದು ಗಾರ್ಮೆಂಟ್ಸಿನಲ್ಲಿ ನಾನು ಚೆಕರ್ ಆಗಿದ್ದೆ. ಹೊಲಿದು ಬಂದ ಷರ್ಟುಗಳನ್ನು ನೋಡಿ, ತಪ್ಪಿದ್ದರೆ ಹಿಂದಕ್ಕೆ ಕಳಿಸುವ ಕೆಲಸ.

ನಮ್ಮ ಹೊಲಿಗೆ ಮಿಷಿನ್ನುಗಳ ಲೈನಿನಲ್ಲಿ ಶೌಚಾಲಯಕ್ಕೆ ಹೋಗಲು ಟೋಕನ್ ಬೇಕಿತ್ತು. ಇಡೀ ಲೈನಿಗೆ ಒಂದೇ ಹಿತ್ತಾಳೆ ಬಿಲ್ಲೆ. ಸೂಪರ್‌ವೈಸರ್ ಮೇಜಿನಿಂದ ಕೇಳಿ ಪಡೆಯಬೇಕು, ಬಂದ ಮೇಲೆ ಅಲ್ಲೇ ಇಡಬೇಕು. ಹೆಂಗಸರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಹೋಗಿ ಬಂದವಳು ಬಿಲ್ಲೆಯನ್ನು ಮೇಜಿಗೆ ಕೊಡದೆ, ಕತ್ತರಿಸಿದ ಬಟ್ಟೆಯ ಬಂಡಲ್ ಒಳಗೆ ತುರುಕಿ ಮುಂದಕ್ಕೆ ಸಾಗಿಸುವಳು. ಬಸುರಿಯರಿಗೆ ಮೊದಲು, ಮಿಕ್ಕವರಿಗೆ ಸರದಿ. ಒಬ್ಬಳು ಬರುವ ತನಕ ಇನ್ನೊಬ್ಬಳು ಏಳುತ್ತಿರಲಿಲ್ಲ. ಒಂದಕ್ಕಿಂತ ಹೆಚ್ಚು ಜಾಗ ಖಾಲಿ ಕಾಣದ್ದರಿಂದ ಸೂಪರ್‌ವೈಸರ್ ಬಿಲ್ಲೆ ಕೇಳದೆ, ತಲೆ ಎಣಿಸಿ ನೆಮ್ಮದಿಯಾಗಿದ್ದ.

ಆ ವರ್ಷ ನಮ್ಮ ಲೈನಿನ ಸೂಪರ್‌ವೈಸರ್ ಹುದ್ದೆ ಖಾಲಿಯಾಯಿತು. ನನಗೆ ಅದು ಬೇಕಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ಆ ಮೇಜಿನ ಮುಂದೆ ಕೈ ಚಾಚಿ ನಿಂತದ್ದು ನನಗೆ ಮರೆತಿರಲಿಲ್ಲ. ಇನ್ನು ಯಾರನ್ನೂ ಕೇಳಬಾರದು ಎಂಬ ಹಟವಿತ್ತು. ಹುದ್ದೆಗೆ ಒಂದು ಪರೀಕ್ಷೆ, ಅದಕ್ಕೆ ಮುಂಚೆ ತರಬೇತಿ ಎಂದರು. ರಾಮನಗರದ ಕಾಲೇಜಿನ ಒಬ್ಬ ಮೇಷ್ಟ್ರು ಭಾನುವಾರ ಬಂದು ಕ್ಯಾಂಟೀನಿನಲ್ಲಿ ಬೋರ್ಡು ನಿಲ್ಲಿಸಿ ಪಾಠ ಮಾಡಿದರು.

ಮನುಷ್ಯನ ಅಗತ್ಯಗಳು ಮೆಟ್ಟಿಲಿನಂತೆ ಎಂದರು. ಕೆಳಗೆ ಹೊಟ್ಟೆ, ಅದರ ಮೇಲೆ ಭದ್ರತೆ, ನಂಟು, ಗೌರವ, ತುದಿಯಲ್ಲಿ ತನ್ನ ಕೈಲಾದದ್ದನ್ನೆಲ್ಲ ಮಾಡುವ ಆಸೆ. ಆಮೇಲೆ ಕೆಲಸದ ಸಂಗತಿಗಳನ್ನು ಎರಡು ಪಾಲು ಮಾಡಿದರು, ನೈರ್ಮಲ್ಯದ ಅಂಶಗಳು ಮತ್ತು ಹುಮ್ಮಸ್ಸು ತರುವವು. ನೈರ್ಮಲ್ಯದ ಅಂಶಗಳೆಂದರೆ ಸಂಬಳ, ಊಟ, ಫ್ಯಾನು, ಮೇಲಿನವರ ನಡವಳಿಕೆ, ಕಂಪನಿಯ ನಿಯಮ.

"ಊರಿನ ಚರಂಡಿ ಚೊಕ್ಕಟವಾಗಿದ್ರೆ ಕಾಯಿಲೆ ಬರಲ್ಲ. ಹಂಗಂತ ಮೈಯಲ್ಲಿ ಶಕ್ತಿ ಹೆಚ್ಚುತ್ತಾ?" ಎಂದರು. ಇವು ಕೆಟ್ಟರೆ ಗೊಣಗಾಟ, ಸರಿಹೋದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಹುಮ್ಮಸ್ಸು ಬರುವುದು ಸಾಧನೆಯಿಂದ, ಮೆಚ್ಚುಗೆಯಿಂದ, ಹೊಣೆಯಿಂದ, ಕೆಲಸದಿಂದಲೇ. ಪಕ್ಕದಲ್ಲಿ ಕೂತಿದ್ದ ಇಸ್ತ್ರಿ ವಿಭಾಗದವನಿಗೆ ಇದು ಹಿಡಿಸಲಿಲ್ಲ.

"ಸಂಬ್ಳ ಏರ್ಸಿ ನೋಡ್ಲಿ, ಹುಮ್ಮಸ್ಸು ತಾನೇ ಬತ್ತದೆ," ಎಂದ. ಆಮೇಲೆ ಪರೀಕ್ಷೆಯಲ್ಲೂ ಅವನು ಎಲ್ಲ ಪ್ರಶ್ನೆಗೂ ಸಂಬಳವೆಂದೇ ಬರೆದ. ಪಾಪ, ಅವನ ಮಾತು ಪೂರಾ ಸುಳ್ಳೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಕೊನೆಗೆ ಎಕ್ಸ್ ಮತ್ತು ವೈ ಎಂಬ ಎರಡು ಸಿದ್ಧಾಂತ. ಆಳು ಸೋಮಾರಿ, ಕಾವಲಿಲ್ಲದೆ ದುಡಿಯುವುದಿಲ್ಲ ಎಂದು ಮೇಲಿನವನು ನಂಬಿದರೆ ಅದು ಎಕ್ಸ್. ಗುರಿ ಒಪ್ಪಿಗೆಯಾದರೆ ಮನುಷ್ಯ ತನ್ನನ್ನು ತಾನೇ ನಡೆಸಿಕೊಳ್ಳುತ್ತಾನೆ, ಹೊಣೆ ಕೇಳಿ ಪಡೆಯುತ್ತಾನೆ ಎಂದು ನಂಬಿದರೆ ವೈ. ಬೋರ್ಡು ನೋಡುತ್ತ ನನಗೆ ಬಂಡಲ್ಲೊಳಗಿನ ಬಿಲ್ಲೆ ನೆನಪಾಯಿತು.

ಪರೀಕ್ಷೆಯಲ್ಲಿ ಒಂದು ಸನ್ನಿವೇಶ ಕೊಟ್ಟಿದ್ದರು. ತಂಡದವರು ಪದೇ ಪದೇ ಎದ್ದು ಹೋಗುತ್ತಾರೆಂದು ಮೇಲ್ವಿಚಾರಕ ಕಾವಲು ಬಿಗಿ ಮಾಡಿದ, ಗೊಣಗಾಟ ಹೆಚ್ಚಿತು, ನೀವಾಗಿದ್ದರೆ? ಅವನದು ಎಕ್ಸ್, ನಾನಾದರೆ ಕಾವಲು ತೆಗೆದು ಸರದಿಯನ್ನು ಅವರಿಗೇ ಬಿಡುತ್ತೇನೆ ಎಂದು ಬರೆದೆ. ಪೂರ್ತಿ ಅಂಕ ಬಂತು. ಹುದ್ದೆಯೂ ಸಿಕ್ಕಿತು.

ಮೊದಲ ದಿನ ಮ್ಯಾನೇಜರ್ ನನ್ನ ಅಂಗೈಗೆ ಹಿತ್ತಾಳೆ ಬಿಲ್ಲೆ ಇಟ್ಟರು.

"ಇದು ನಿಮ್ ಜವಾಬ್ದಾರಿ ಕಣಮ್ಮ. ಜೋಪಾನ."

ನಾನು ಅದನ್ನು ಎಲ್ಲರೂ ನೋಡುವಂತೆ ಮೊದಲ ಬಂಡಲ್ ಮೇಲಿಟ್ಟು ಸಾಗಿಸಿದೆ. ಮೇಜಿಗೆ ಅದು ಮರಳಲೇ ಇಲ್ಲ. ಯಾರ ಜಾಗವೂ ಬಹಳ ಹೊತ್ತು ಖಾಲಿ ಇರಲಿಲ್ಲ. ಗೊಣಗಾಟ ನಿಂತಿತು. ವಾರಾಂತ್ಯಕ್ಕೆ ಮ್ಯಾನೇಜರ್ ಕರೆದರು.

"ಟೋಕನ್ ಬಿಟ್ರಲ್ಲ, ಪ್ರೊಡಕ್ಷನ್ ಯಾಕಮ್ಮ ಏರ್ಲಿಲ್ಲ?"

"ಅದು ನಿಯಮ ಸಾರ್, ನೈರ್ಮಲ್ಯದ ಲೆಕ್ಕದ್ದು. ಸರಿಮಾಡುದ್ರೆ ಗೊಣಗದು ನಿಲ್ತದೆ ಅಷ್ಟೇಯ. ಕೆಲ್ಸ ಏರ್ಬೇಕು ಅಂದ್ರೆ ಹೊಣೆ ಕೊಡ್ಬೇಕು. ಅವರು ಹೊಲ್ದುದ್ದ ಅವರೇ ಚೆಕ್ ಮಾಡ್ಲಿ, ಬುಡಿ."

"ಪರೀಕ್ಷೆ ಬೇರೆ, ಫ್ಯಾಕ್ಟರಿ ಬೇರೆ," ಎಂದರು. ಗದರಲಿಲ್ಲ. ಅವರ ಮೇಲೂ ಟಾರ್ಗೆಟ್ಟಿನ ಕತ್ತಿ ತೂಗುತ್ತಿತ್ತು.

ಸೋಮವಾರ ಸೂಪರ್‌ವೈಸರ್ ಮೇಜಿಗೆ ನನ್ನ ಬದಲು ಇಸ್ತ್ರಿ ವಿಭಾಗದವನು ಬಂದ. ಬಿಲ್ಲೆ ಅವನ ಜೇಬಿಗೆ ಹೋಯಿತು. ನಾನು ಮತ್ತೆ ಚೆಕಿಂಗ್ ಮೇಜಿನ ಹಿಂದೆ ನಿಂತೆ. ಅವಮಾನವಾಗಿತ್ತು, ತಲೆ ಎತ್ತದೆ ಕಾಲರುಗಳನ್ನು ತಿರುವಿ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಂದ ಒಂದು ಬಂಡಲ್ ಬಿಚ್ಚಿದಾಗ ಷರ್ಟುಗಳ ನಡುವೆ ಹಿತ್ತಾಳೆ ಬಿಲ್ಲೆಯಿತ್ತು, ಯಾರದೋ ಕೈಯ ಬಿಸಿ ಅದರ ಮೇಲಿನ್ನೂ ಇತ್ತು.

ಮುಂದಿನ ಮಿಷಿನ್ನಿನವಳು ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಹೋಗ್ಬಾ ಅಕ್ಕ. ನಿನ್ ಸರದಿ."