ಕಮಲಾಪುರದ ರಕ್ತ

ಕಲಬುರಗಿಯ ಬ್ರಹ್ಮಪುರ ಓಣಿಯ ಇಂದೂಬಾಯಿಗೆ ಗಂಡನ ಮನೆತನದ ಮೇಲೆ ಇದ್ದಷ್ಟು ತಾತ್ಸಾರ ವೈರಿಗಳ ಮೇಲೂ ಇರಲಿಲ್ಲ. ಮುಕುಂದರಾಯರು ಮುಂಜಾನೆ ತಡವಾಗಿ ಎದ್ದರೆ ಅದು ಅವರ ಮನೆತನದ ಜಡತನ. ಅವರಿಗೆ ಹಲ್ಲು ನೋವು ಬಂದರೆ ಅದು ಅವರಪ್ಪನ ಹಲ್ಲು. ಮಗ ಕೌಸ್ತುಭ ಒಮ್ಮೆ ಗಣಿತದಲ್ಲಿ ನಪಾಸಾದದ್ದು ಆ ಕಡೆಯ ದೆಸೆಯಿಂದ. ಮುಂದೆ ಓದಿ ಕಾಲೇಜಿನಲ್ಲಿ ಉಪನ್ಯಾಸಕನಾದದ್ದು ಮಾತ್ರ ಕಮಲಾಪುರದ ಪುಣ್ಯದಿಂದ, ಅಂದರೆ ಆಕೆಯ ತವರಿನಿಂದ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮುಕುಂದರಾಯರು ಇದನ್ನೆಲ್ಲ ಕೇಳಿಯೂ ಕೇಳದವರಂತೆ ಪೇಪರ್ ಓದುತ್ತಿದ್ದರು. ಪಾಪದ ಮನುಷ್ಯ, ಮತ್ತೇನು ಮಾಡಬೇಕು?

ಕೌಸ್ತುಭನಿಗೆ ಮೂವತ್ತನಾಲ್ಕು ತುಂಬಿದ ವರ್ಷ ಕಾಲೇಜಿನಲ್ಲಿ ಎಲ್ಲರ ರಕ್ತ ಪರೀಕ್ಷೆಯಾಯಿತು. ಅವನ ಎಲ್‌ಡಿಎಲ್, ಅಂದರೆ ರಕ್ತನಾಳಕ್ಕೆ ಅಂಟಿಕೊಳ್ಳುವ ಕೆಟ್ಟ ಕೊಲೆಸ್ಟ್ರಾಲ್, ನೂರ ಮೂವತ್ತು ದಾಟಬಾರದ್ದು ಇನ್ನೂರ ಹದಿನೆಂಟು ಬಂತು. ಮತ್ತೊಮ್ಮೆ ಮಾಡಿಸಿದರೂ ಅಷ್ಟೇ. ಇಂದೂಬಾಯಿಗೆ ಗಾಬರಿಯಾಯಿತು. ಗಾಬರಿಯ ಹಿಂದೆಯೇ, ಹೇಳಲು ನಾಚಿಕೆಯಾಗಬೇಕು, ಒಂದು ಸಣ್ಣ ಗೆಲುವೂ ಬಂತು. ಮುಕುಂದರಾಯರ ಅಣ್ಣ ನಲವತ್ತೆಂಟಕ್ಕೇ ಎದೆ ಹಿಡಿದುಕೊಂಡು ಹೋಗಿದ್ದರು. ಇನ್ನೇನು ಸಾಕ್ಷಿ ಬೇಕು?

ಡಾಕ್ಟರ್ ಶಹಬಾಜ್ ಅವರ ದವಾಖಾನೆಯಲ್ಲಿ ಮೊದಲ ಪ್ರಶ್ನೆ ಮನೆತನದ ಬಗ್ಗೆಯೇ ಇತ್ತು. ಇಂದೂಬಾಯಿ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ಪ್ರತಿ ವರ್ಷ ಶ್ರಾದ್ಧದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಹೆಸರುಗಳು. ಮಾವ, ಮಾವನ ಅಪ್ಪ, ಅವರಪ್ಪ, ಗೋತ್ರ ಸಮೇತ. ಯಾರು ಯಾವ ವಯಸ್ಸಿಗೆ ಹೇಗೆ ಹೋದರೆಂಬುದನ್ನೂ ಸೇರಿಸಿದಳು. ಪುರೋಹಿತರೇ ತಲೆದೂಗಬೇಕಿತ್ತು.

"ಛಲೋ ಆತ್ರೀ. ಈಗ ನಿಮ್ಮ ತವರಮನಿ ಕಡೆದು ಹೇಳ್ರಿ," ಎಂದರು ಡಾಕ್ಟರು.

"ನಮ್ದ್ಯಾಕ್ರೀ? ಮದುವಿಯಾದ ಮ್ಯಾಲ ನಂದೂ ಇವರ ಗೋತ್ರನ ಅಲ್ಲೇನು?"

"ಗೋತ್ರ ಬದಲಾಗ್ತದರೀ, ರಕ್ತ ಬದಲಾಗಂಗಿಲ್ಲ."

"ನಮ್ಮ ಕಮಲಾಪುರದವರಿಗೆ ಅಂಥಾ ರೋಗ ಇಲ್ಲ," ಎಂದಳು ಇಂದೂಬಾಯಿ ಬಿಗಿಯಾಗಿ. "ಎಲ್ಲಾರೂ ಕಡ್ಡಿ ಹಂಗ ಇದ್ದಾರ. ನಮ್ಮಪ್ಪ ಮಹಾಗಾಂವದಿಂದ ನಡಕೋತ ಬರೋ ಮುಂದ ಗ್ಯಾಸ್ ಎದಿಗೆ ಹತ್ತಿ ಹೋದ್ರು. ಅದು ಬ್ಯಾರೆ."

ಡಾಕ್ಟರು ಅದನ್ನು ಬರೆದುಕೊಂಡರು. ಗ್ಯಾಸನ್ನು ಯಾಕೆ ಬರೆದುಕೊಳ್ಳಬೇಕು, ಈ ಡಾಕ್ಟರಿಗೆ ತಲೆ ಇದೆಯೇ ಎಂದು ಇಂದೂಬಾಯಿ ಗಂಡನ ಕಡೆ ನೋಡಿದಳು.

ಈ ವಯಸ್ಸಿಗೆ ಇಷ್ಟು ಏರಿದ್ದರಿಂದ, ದೊಡ್ಡಪ್ಪನೂ ಬೇಗ ಹೋದದ್ದರಿಂದ, ಒಂದೇ ಜೀನು, ಅಂದರೆ ವಂಶವಾಹಿ, ಕೆಟ್ಟು ಬರುವ ಕಾಯಿಲೆಯೇ ಎಂದು ನೋಡಬೇಕೆಂದರು ಡಾಕ್ಟರು. ಕೌಸ್ತುಭನ ರಕ್ತ ಹೈದರಾಬಾದಿಗೆ ಹೋಯಿತು, ಗುಳಿಗೆ ಅಂದೇ ಶುರುವಾಯಿತು. ವರದಿ ಬರುವವರೆಗೆ ಇಂದೂಬಾಯಿ ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು: "ಇವರ ಮನೆತನದ ಜೀನು ಹಿಡಿಯಾಕ ಹೈದರಾಬಾದಿಗೆ ಕಳಿಸೇವಿ." ಕಳ್ಳನ ಮೇಲೆ ಪೊಲೀಸರನ್ನು ಬಿಟ್ಟಷ್ಟು ಖುಷಿ ಆಕೆಗೆ.

ಕಳ್ಳ ಸಿಗಲಿಲ್ಲ. "ನೋಡಬೇಕಾದ ಜೀನಿನ್ಯಾಗ ಯಾವ ದೋಷನೂ ಕಂಡಿಲ್ಲ," ಎಂದರು ಡಾಕ್ಟರು.

ಕೌಸ್ತುಭನ ಮುಖ ಅರಳಿತು. "ಹಂಗಾದ್ರ ಗುಳಿಗಿ ಬಿಡ್ಲೇನ್ ಸರ್?"

ಡಬಲ್ ಡಿಗ್ರಿ ಮಾಡಿದವನ ಪ್ರಶ್ನೆ ಇದು! ಅಳತೆ ಇನ್ನೂರ ಹದಿನೆಂಟು ಎಂದು ಕಣ್ಣಮುಂದೆ ಕುಣಿಯುತ್ತಿರುವಾಗ ಕಾರಣ ಸಿಗಲಿಲ್ಲವೆಂದು ಔಷಧಿ ಬಿಡುತ್ತಾನಂತೆ.

"ಗುಳಿಗಿ ಕೊಟ್ಟದ್ದು ಎಲ್‌ಡಿಎಲ್ ನೋಡಿ, ಜೀನು ನೋಡಿ ಅಲ್ಲ. ಬಿಡಬ್ಯಾಡ್ರಿ," ಎಂದರು ಡಾಕ್ಟರು. "ಇನ್ನೊಂದು ಅದ. ಕೊಲೆಸ್ಟ್ರಾಲ್ ಸ್ವಲ್ಪ ಸ್ವಲ್ಪ ಏರಿಸೋ ಸಣ್ಣ ಸಣ್ಣ ಫರಕು ಎಲ್ಲಾರಿಗೂ ಬ್ಯಾರೆ ಬ್ಯಾರೆ ಜೀನಿನ್ಯಾಗ ಇರ್ತಾವ. ಅವನ್ನೆಲ್ಲಾ ಕೂಡಿಸಿ ಒಂದು ಅಂಕಿ ಹಾಕ್ತಾರ. ನಿಮ್ಮ ಮಗಂದು ಬಾಳ ಮ್ಯಾಲಿನ ಸಾಲಿನಾಗ ಬಂದದ. ಈ ಲೆಕ್ಕ ಹೆಚ್ಚಾಗಿ ಯುರೋಪಿನ ಮಂದಿ ಮ್ಯಾಲ ಮಾಡಿದ್ದು, ನಮ್ಮ ಮಂದಿಗೆ ಅಷ್ಟು ಪಕ್ಕಾ ಹೊಂದಂಗಿಲ್ಲ. ಆದ್ರ ಕಾರಣ ಇದೇ ಇರಬಹುದು ಅಂತ ತಿಳೀತದ."

"ಯಾರ ಕಡೆಯಿಂದ ಬಂದದ, ಅದಷ್ಟು ಹೇಳ್ರಿ," ಎಂದಳು ಇಂದೂಬಾಯಿ.

"ತುಂಬಿದ ಮನಿಯಾಗ ಬಂದಬಂದವರೆಲ್ಲಾ ಸಾರಿಗೆ ಒಂದೊಂದು ಚಿಟಿಕಿ ಉಪ್ಪು ಹಾಕಿದ್ರ, ಯಾರಿಂದ ಉಪ್ಪಾತು ಅಂತ ಹೆಂಗ ಹೇಳ್ತೀರಿ? ಎರಡೂ ಕಡೆಯಿಂದ ಬರ್ತಾವ. ಒಂದೇ ಜೀನಿಂದ ಆಗಿದ್ರ ನಿಮ್ಮ ಮಂದಿಗೂ ಆ ಜೀನು ನೋಡಿಸ್ರಿ ಅಂತಿದ್ದೆ. ಈಗ ಜೀನು ಪರೀಕ್ಷೆ ಬ್ಯಾಡ. ಸಾದಾ ಕೊಲೆಸ್ಟ್ರಾಲ್ ನೋಡಿದ್ರ ಸಾಕು. ನೀವಿಬ್ಬರೂ ರಕ್ತ ಕೊಡ್ರಿ."

"ಕೊಡ್ತೀನಿ ತಗೋರಿ. ಇವರದು ನೋಡ್ರಿ, ಆಮ್ಯಾಲ ನಂದು ನೋಡ್ರಿ," ಎಂದು ಇಂದೂಬಾಯಿ ತೋಳು ಚಾಚಿದಳು.

ಮುಕುಂದರಾಯರದು ನೂರ ನಲವತ್ತು. ತುಪ್ಪದ ಹೆಸರೆತ್ತಿದರೆ ಮೂಗು ಮುರಿಯುವ, ಏಕಾದಶಿ ತಪ್ಪಿಸದ, ಕಡ್ಡಿಯಂಥ ಇಂದೂಬಾಯಿಯದು ನೂರ ತೊಂಬತ್ತು.

ಆಟೋದಲ್ಲಿ ಆಕೆ ವರದಿಯನ್ನು ಮಡಿಚಿ ಮಡಿಚಿ ಚೀಲದ ತಳಕ್ಕೆ ತುರುಕಿದಳು. ಮುಕುಂದರಾಯರು ಏನಾದರೂ ಅನ್ನಬೇಕಿತ್ತು. ಇಷ್ಟು ವರ್ಷದ್ದನ್ನು ಒಂದೇ ಮಾತಿನಲ್ಲಿ ತೀರಿಸಬಹುದಿತ್ತು. ಅವರು "ಬಿಸಲು ಬಾಳ ಅದ" ಎಂದರು. ಅದು ಆಕೆಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮನೆಗೆ ಬಂದು ಲ್ಯಾಬಿನವರ ಮಷಿನ್ ಕೆಟ್ಟಿದೆ ಎಂದಳು. ಯಾರೂ ಜಗಳಕ್ಕೆ ಬರಲಿಲ್ಲ.

ಕಮಲಾಪುರದಲ್ಲಿರುವ ಆಕೆಯ ತಮ್ಮ ಸುಧಾಕರನಿಗೂ ರಕ್ತ ನೋಡಿಸಲು ಹೇಳಬೇಕೆಂದು ಡಾಕ್ಟರು ಹೇಳಿ ಕಳಿಸಿದ್ದರು. ಇಂದೂಬಾಯಿ ಫೋನ್ ಮಾಡಲಿಲ್ಲ. ಗಂಡನ ಮನೆಯಲ್ಲಿ ಮಾನ ಹೋದದ್ದು ಸಾಲದೆಂದು ತವರಿಗೂ ಅದನ್ನು ಹೊತ್ತೊಯ್ಯಬೇಕೇ? ಕೌಸ್ತುಭ ಎರಡು ಸಲ ಕೇಳಿದ, ಎರಡು ಸಲವೂ ಮಾತು ಹಾರಿಸಿದಳು. ಕೊನೆಗೆ, "ಮಾಮಾಗ ನಾನಽ ಹೇಳ್ತೀನಿ ಬಿಡು," ಎಂದು ಅವನು ಫೋನ್ ಕೈಗೆತ್ತಿಕೊಂಡಾಗ, ಹೇಳುವುದಾದರೆ ತಾನೇ ಹೇಳುವೆನೆಂದು ಕಮಲಾಪುರದ ಬಸ್ಸು ಹತ್ತಿದಳು.

ಸುಧಾಕರ ಕಟ್ಟೆಯ ಮೇಲೆ ಕೂತಿದ್ದ. ಶಾಲೆಯಲ್ಲಿ ಗುಮಾಸ್ತನಾಗಿದ್ದವನು, ಈಗ ಮುಂಜಾನೆ ಪೂಜೆ, ಸಂಜೆ ಹರಟೆ. ಅಕ್ಕನಿಗೆಂದು ಒಳಗಿನಿಂದ ಕೆಂಪು ಬಾಳೆಹಣ್ಣಿನ ಗೊನೆ ಎತ್ತಿ ತಂದ. ಇಂದೂಬಾಯಿ ಕಣ್ಣು ಮುಚ್ಚಿಕೊಂಡು ಎಲ್ಲ ಹೇಳಿದಳು, ತನ್ನ ನೂರ ತೊಂಬತ್ತನ್ನೂ.

ಅವನು ನಕ್ಕುಬಿಟ್ಟ. "ನಮ್ಮ ಮನಿಯಾಗ ಅಂಥಾ ರೋಗ ಇಲ್ಲಕ್ಕಾ. ಅದೆಲ್ಲಾ ನಿನ್ನ ಗಂಡನ ಮನಿಯವರ್ದು. ಅಲ್ಲಿ ಉಂಡುಂಡು ನಿನಗೂ ಅಂಟ್ಯದ."

ತನ್ನದೇ ಮಾತು, ತನ್ನದೇ ಧಾಟಿ, ಮೂಗು ಮುರಿದ ರೀತಿಯೂ ತನ್ನದೇ. ಇಷ್ಟು ದಡ್ಡತನದ ಮಾತನ್ನು ನಲವತ್ತು ವರ್ಷ ಆಡಿದೆನೇ ಎಂದು ಆಕೆಗೆ ಮೈ ಉರಿಯಿತು. ಬೈಯಲು ಬಾಯಿ ತೆರೆದಳು.

ಸುಧಾಕರ ಗೊನೆ ಕೆಳಗಿಟ್ಟು ಎದೆ ನೀವಿಕೊಳ್ಳುತ್ತಿದ್ದ. ಹಣೆಯ ಮೇಲೆ ಬೆವರಿತ್ತು. ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಓಂಕಾಳಿನ ಡಬ್ಬಿ ತೆಗೆದು ಬಾಯಿಗೆ ಚಿಟಿಕೆ ಹಾಕಿಕೊಂಡ.

"ಏನಾತು?"

"ಏನಿಲ್ಲ, ಗ್ಯಾಸ್. ಏನರೆ ಭಾರ ಎತ್ತಿದ್ರ ಆಗ್ತದ. ತಾನ ಇಳೀತದ."

ಅಪ್ಪನೂ ಹೀಗೆಯೇ ಎದೆ ನೀವಿಕೊಳ್ಳುತ್ತ ಓಂಕಾಳು ಅಗಿಯುತ್ತಿದ್ದರು. ಇಂದೂಬಾಯಿ ಡಬ್ಬಿಯನ್ನು ಅವನ ಕೈಯಿಂದ ಕಸಿದುಕೊಂಡಳು.

"ಅಪ್ಪಂದು ಗ್ಯಾಸ್ ಅಂತ ಯಾವ ಡಾಕ್ಟರೂ ಹೇಳಿದ್ದಿಲ್ಲೋ ಸುಧಾಕರ. ನಾವಽ ಅಂದಿದ್ವಿ," ಎಂದಳು. ಬೀದಿಗೆ ಬಂದು, ಯಾರದಾದರೂ ಗಾಡಿ ಇದೆಯೇ, ಈಗಿಂದೀಗ ಕಲಬುರಗಿ ದವಾಖಾನೆಗೆ ಹೋಗಬೇಕೆಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಯಾಕೆ, ಏನಾಯಿತು ಎಂದು ಎದುರು ಮನೆಯವರು ಓಡಿ ಬಂದರು.

"ಎದಿ ನೋವು," ಎಂದಳು ಇಂದೂಬಾಯಿ. "ನಮ್ಮ ಮನೆತನದಾಗ ಅದ."