ನಾನೇ ಬೈದ ಮದ್ದು

ಮಧ್ಯಾಹ್ನವಾಗುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿರುತ್ತದೆ. ಕೆ.ಜಿ.ಎಫ್.ನ ಸರ್ಕಾರಿ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಜ್ವರ, ಸಕ್ಕರೆ, ದಮ್ಮು ನೋಡಿಕೊಂಡು ಬಂದವಳಿಗೆ ಸ್ಟೆತಾಸ್ಕೋಪಿಗಿಂತ ಗಂಟಲೇ ಹೆಚ್ಚು ಸವೆದಿದೆ. ಊರಿಗಾಂನ ಗಣಿ ಕಾರ್ಮಿಕರ ಲೈನಿನ ಅಜ್ಜನಿಗೆ ತಮಿಳಿನಲ್ಲಿ, ಗಡಿಯ ಹಳ್ಳಿಯವರಿಗೆ ತೆಲುಗಿನಲ್ಲಿ, ಬೇತಮಂಗಲದ ಕಡೆಯವರಿಗೆ ಕನ್ನಡದಲ್ಲಿ, ಒಂದೇ ಬೈಗುಳವನ್ನು ಮೂರು ಭಾಷೆಯಲ್ಲಿ ಬೈಯಬೇಕು. ಬಂಗಾರಪೇಟೆಯ ಮನೆಗೆ ಬಂದಮೇಲೆ ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತದೆ. ನನ್ನ ಗಂಡನಿಗೆ ಅದೇ ಆರಾಮ.

ನಾನು ಅತಿ ಹೆಚ್ಚು ಬೈದದ್ದು ಸ್ಟೀರಾಯ್ಡ್ ಅನ್ನು. ಇಲ್ಲಿ ಮಂಡಿನೋವು ಅಂದರೆ ಸೂಜಿ ಹಾಕುವವರ ಹತ್ತಿರ ಓಡುತ್ತಾರೆ. ಓದಿದ್ದು ಏನು ಅಂತ ಯಾರೂ ಕೇಳುವುದಿಲ್ಲ, ಸೂಜಿ ಹಾಕಿದ ಸಂಜೆಗೇ ಎದ್ದು ಓಡಾಡುವ ಹಾಗಾಗುತ್ತದೆ, ಅಷ್ಟು ಸಾಕು. ವರ್ಷ ಕಳೆಯುವಷ್ಟರಲ್ಲಿ ಮುಖ ಊದಿ, ಚರ್ಮ ತೆಳುವಾಗಿ, ಸಕ್ಕರೆ ಏರಿಸಿಕೊಂಡು ನನ್ನ ಮುಂದೆ ಬಂದು ಕೂರುತ್ತಾರೆ. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಯಾವ ಕಾಯಿಲೆಗೆ ಬೇಕು, ಯಾವುದಕ್ಕೆ ಬೇಡ, ದಿಢೀರನೆ ಯಾಕೆ ನಿಲ್ಲಿಸಬಾರದು, ಎಲ್ಲಾ. ಗೋಡೆಗೆ ಹೇಳಿದ ಹಾಗಾಗುತ್ತಿತ್ತು. ಕೊನೆಕೊನೆಗೆ ಸುಸ್ತಾಗಿ ಒಂದೇ ಮಾತಿಗೆ ಇಳಿಸಿದೆ: "ಅದು ವಿಷ ಕಣಮ್ಮ. ಇನ್ನೊಂದ್ಸಲ ಹಾಕಿಸ್ಕೊಂಡು ಬಂದ್ರೆ ನಾನು ನೋಡಲ್ಲ." ಅದು ಮಾತ್ರ ಜನರಿಗೆ ನಾಟಿತು.

ಆ ದಿನ ಹೊರರೋಗಿಗಳ ಸಾಲು ಮುಗಿಯುವ ಹೊತ್ತು. ಹಾಲಿನ ಕ್ಯಾನು ಸಾಗಿಸುವ ಗೂಡ್ಸ್ ಆಟೋದಲ್ಲಿ ಒಬ್ಬ ಹೆಂಗಸನ್ನು ಮಲಗಿಸಿಕೊಂಡು ತಂದರು. ಬೇತಮಂಗಲದ ಹತ್ತಿರದ ಹಳ್ಳಿ, ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆ. ಮೂವತ್ತರ ಆಸುಪಾಸಿನವಳು, ಬೆಳಕು ತಾಳಲಾರದೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಹಿಂದೆ ಅವಳ ಗಂಡ. ಅವನ ಹಿಂದೆ ಊದಿದ ಮುಖದ ಅವಳ ಅತ್ತೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಮಂಡಿಗೆ ಸೂಜಿ ಹಾಕಿಸಿಕೊಂಡು ಬಂದು, ನನ್ನಿಂದ ಬೈಸಿಕೊಂಡು, ಅದನ್ನು ಬಿಡಿಸಿಕೊಳ್ಳುವುದಕ್ಕೆ ತಿಂಗಳುಗಟ್ಟಲೆ ನನ್ನ ಹತ್ತಿರ ಓಡಾಡಿದ ಹೆಂಗಸು.

"ಮೂರ್ ದಿನದಿಂದ ಜರ ಮೇಡಮ್ಮ. ತಲೆನೋವು, ವಾಂತಿ. ಅಂಗಡೀಲಿ ಮಾತ್ರೆ ತಂದ್ಕೊಟ್ವಿ, ತಗ್ಲಿಲ್ಲ. ಬೆಳಿಗ್ಗೆ ನೋಡ್ತೀನಿ, ಬಕೆಟ್ಟೇ ಇಟ್ಕೊಂಡಿಲ್ಲ, ನೆಲಕ್ಕೇ ಆಲು ಕರೀತಾ ಕುಂತವ್ಳೆ. ಏನ್ಲೇ ಇದು ಅಂದ್ರೆ ನನ್ನ ಮುಖಾನೇ ಗುರ್ತಿಲ್ಲ" ಎಂದಳು ಅತ್ತೆ.

ಅವಳ ತಲೆಯನ್ನು ಎತ್ತಲು ಹೋದೆ. ಕತ್ತು ಬಾಗಲಿಲ್ಲ, ಭುಜವೆಲ್ಲ ಹಲಗೆಯ ಹಾಗೆ ಜೊತೆಗೇ ಎದ್ದು ಬಂತು, ಮಂಡಿಗಳು ತಾವಾಗಿಯೇ ಮಡಚಿಕೊಂಡವು. ಬಲಗಿವಿಯಲ್ಲಿ ಹತ್ತಿ. ತೆಗೆದರೆ ಕೀವು, ಅದರ ಜೊತೆಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯ ವಾಸನೆ. ಕಿವಿ ಸೋರುವುದು ಚಿಕ್ಕಂದಿನಿಂದಲೂ ಇತ್ತಂತೆ. ಈ ಸಲ ಜಾಸ್ತಿಯಾಗಿ, ಅತ್ತೆ ಎಣ್ಣೆ ಬಿಟ್ಟಿದ್ದಳು. ನಮ್ಮ ಸೀಮೆಯಲ್ಲಿ ಕಿವಿನೋವಿಗೆ ಎಣ್ಣೆ ಬಿಡದ ಮನೆ ಇಲ್ಲ. ನನ್ನ ಅಮ್ಮನೂ ಬಿಡುತ್ತಿದ್ದಳು.

ಕಿವಿಯ ಕೀವು ಮೆದುಳಿನ ಪೊರೆಗೆ ಹತ್ತಿದೆ ಅನ್ನುವುದರಲ್ಲಿ ನನಗೆ ಹೆಚ್ಚು ಅನುಮಾನ ಉಳಿಯಲಿಲ್ಲ. ಖಚಿತವಾಗಬೇಕಾದರೆ ಬೆನ್ನುಮೂಳೆಯ ಸಂದಿನಿಂದ ನೀರು ತೆಗೆದು ನೋಡಬೇಕು. ಆದರೆ ಈ ಕಾಯಿಲೆ ಖಚಿತವಾಗುವ ತನಕ ಕಾಯುವುದಿಲ್ಲ. ರಕ್ತ ತೆಗೆದು ಕಲ್ಚರಿಗೆ ಇಟ್ಟು, ಯಾವ ರೋಗಾಣು ಇರಬಹುದು ಎಂಬ ಅಂದಾಜಿನ ಮೇಲೆಯೇ ಔಷಧಿ ಶುರು ಮಾಡಬೇಕು. ಅವಳ ವಯಸ್ಸಿಗೆ, ಆ ಕಿವಿಗೆ, ನ್ಯೂಮೋಕಾಕಸ್ ಅಂತ ನನ್ನ ಅಂದಾಜು. ಸೆಫ್ಟ್ರಿಯಾಕ್ಸೋನ್, ಅದಕ್ಕೆ ಬಗ್ಗದ ತಳಿ ಇದ್ದರೆ ಇರಲಿ ಎಂದು ಜೊತೆಗೆ ವ್ಯಾಂಕೊಮೈಸಿನ್. ಇವೆರಡಕ್ಕೂ ಮುಂಚೆ, ತಪ್ಪಿದರೆ ಮೊದಲ ಡೋಸಿನ ಜೊತೆಗೇ, ಡೆಕ್ಸಾಮೆಥಾಸೋನ್.

ಸಿಸ್ಟರ್ ನನ್ನ ಮಾತನ್ನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು, "ಮೊದಲು ಸ್ಟೀರಾಯ್ಡ್ ಅಲ್ವಾ ಮೇಡಂ?"

ಅಷ್ಟು ಸಾಕಾಯಿತು. ಅತ್ತೆ ಬಂದು ಔಷಧಿಗೆಂದು ಸೂಜಿ ಚುಚ್ಚಿದ್ದ ಸೊಸೆಯ ಕೈಯ ಮೇಲೆ ತನ್ನ ಕೈ ಇಟ್ಟುಬಿಟ್ಟಳು.

"ಅದು ಮಾತ್ರ ಬ್ಯಾಡ. ನೀವೇ ತಾನೆ ಏಳಿದ್ದು, ಇಸ ಅಂತ? ನನ್ ಮುಖ ನೋಡಿ, ಎಂಗಾಗದೆ! ನಾನು ಸಾಯೋಳು, ನಂಗೆ ಆಗಿದ್ದು ಆಗೋಯ್ತು. ಇವ್ಳಿಗೆ ಆಕ್ಬ್ಯಾಡಿ ತಾಯಿ."

ಗಂಡ ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. "ಅಮ್ಮ ಒಪ್ಪಿದ್ರೆ ನಂದೇನಿಲ್ಲ" ಅಂದ.

ನನಗೆ ರೇಗಿತು. ಯಾರ ಮೇಲೆ ಅಂತ ಹೇಳುವುದು ಕಷ್ಟ. ನೂರು ಜನಕ್ಕೆ ಹೇಳಿ ಹೇಳಿ ಸೋತು, ಕೊನೆಗೆ ಒಬ್ಬಳಾದರೂ ನನ್ನ ಮಾತು ಕೇಳಿದ್ದಾಳಲ್ಲ ಎಂದು ಸಂತೋಷಪಡಬೇಕಾದ ಗಳಿಗೆ, ಆ ಮಾತೇ ಬಾಗಿಲಿಗೆ ಅಡ್ಡ ನಿಂತಿತ್ತು. ಸ್ಟೀರಾಯ್ಡ್ ಬಿಟ್ಟು ಬರೀ ಆಂಟಿಬಯೋಟಿಕ್ ಹಾಕಿಬಿಡಬಹುದಿತ್ತು. ಆ ಸುಸ್ತಿಗೆ ಅದು ಸುಲಭವೂ ಆಗಿತ್ತು. ಆದರೆ ಅವಳ ಒಂದು ಕಿವಿ ಆಗಲೇ ಹಾಳು. ಈ ಕಾಯಿಲೆಯಿಂದ ಬದುಕಿದವರಲ್ಲಿ ಕೆಲವರು ಕಿವುಡಾಗಿಯೇ ಮನೆಗೆ ಹೋಗುತ್ತಾರೆ. ಪೊರೆಯ ಉರಿ ಕಿವಿಯ ಒಳಗೆ ಬಸವನಹುಳುವಿನ ಹಾಗೆ ಸುತ್ತಿಕೊಂಡಿರುವ ಭಾಗಕ್ಕೂ ಹರಡುತ್ತದೆ. ಜೀವ ಉಳಿಯಬೇಕು, ಆ ಎಡಗಿವಿಯೂ ಉಳಿಯಬೇಕು. ಮೊದಲ ಡೋಸಿನ ಹೊತ್ತು ಕಳೆದುಹೋದರೆ ಆಮೇಲೆ ಕೊಟ್ಟ ಸ್ಟೀರಾಯ್ಡಿನಿಂದ ಅಷ್ಟು ಉಪಯೋಗವಿಲ್ಲ. ವಾದಕ್ಕೆ ನನಗೆ ಟೈಮಿರಲಿಲ್ಲ.

"ನಿಮ್ಮನೆ ಹತ್ರ ಕಣಜದ ಹುಳ ಗೂಡು ಕಟ್ಟಿದ್ರೆ ಏನ್ಮಾಡ್ತೀರಿ?" ಅಂತ ಕೇಳಿದೆ.

ಈ ಡಾಕ್ಟರಿಗೆ ತಲೆ ಕೆಟ್ಟಿತೇ ಅನ್ನುವ ಹಾಗೆ ನೋಡಿದಳು. "ಬೆಂಕಿ ಇಡ್ತೀವಿ."

"ಬೆಂಕಿ ಇಟ್ಟಾಗ ಸುಮ್ನೆ ಸಾಯ್ತವಾ?"

"ಎಲ್ಲಿ ಸಾಯ್ತವೆ, ಎದ್ದು ಸಿಕ್ದೋರ್ಗೆಲ್ಲ ಕಚ್ತವೆ. ಮೊದ್ಲು ಮಕ್ಳನ್ನ ಒಳೀಕ್ ಕಳಿಸ್ಬೇಕು."

"ಇವಳ ತಲೇಲಿ ಈಗ ಗೂಡು ಕಟ್ಟಿದೆ. ಆ ಇನ್ನೆರಡು ಔಷಧಿ ಬೆಂಕಿ. ಹುಳ ಸಾಯೋವಾಗ ಒಡೆದು ಇನ್ನಷ್ಟು ಉರಿ ಎಬ್ಬಿಸ್ತವೆ, ಆ ಉರೀಲಿ ಉಳಿದಿರೋ ಒಂದು ಕಿವೀನೂ ಹೋಗಬಹುದು. ಮಕ್ಕಳನ್ನ ಒಳಗೆ ಕಳಿಸೋ ಕೆಲಸ ಈ ಸ್ಟೀರಾಯ್ಡ್‌ದು. ನಿಮಗೆ ವರ್ಷಗಟ್ಟಲೆ ಹಾಕಿದ್ರು, ಹಾಕಬಾರದ ಕಾಯಿಲೆಗೆ ಹಾಕಿದ್ರು. ಇವಳಿಗೆ ಆರು ಗಂಟೆಗೊಂದು ಸಲ, ನಾಲ್ಕೇ ದಿನ. ಸಕ್ಕರೆ ನೋಡ್ತಾ ಇರ್ತೀನಿ. ವಿಷ ಅಂತ ಅಂದಿದ್ದು ನಾನೇ. ಈಗ ಬೇಕು ಅಂತ ಅನ್ನೋದೂ ನಾನೇ. ಎರಡನ್ನೂ ನಂಬಿ."

ಆಕೆ ಕೈ ತೆಗೆಯಲಿಲ್ಲ. "ಕಿವಿಗೆ ಎಣ್ಣೆ ಬಿಟ್ಟೋಳು ನಾನೇ ತಾಯಿ" ಎಂದಳು, ಬಹಳ ಸಣ್ಣ ದನಿಯಲ್ಲಿ.

ಆಗ ಅರ್ಥವಾಯಿತು. ಅವಳು ಕೈ ಅಡ್ಡ ಇಟ್ಟಿದ್ದು ಸ್ಟೀರಾಯ್ಡ್ ತಡೆಯುವುದಕ್ಕಲ್ಲ. ತನ್ನಿಂದ ಇನ್ನೊಂದು ತಪ್ಪು ಆಗದಿರಲಿ ಎಂದು. "ಎಣ್ಣೆಯಿಂದ ಈ ಕಾಯಿಲೆ ಬಂದಿಲ್ಲ" ಅಂದೆ. "ಇನ್ಮೇಲೆ ಬಿಡಬೇಡಿ, ಅಷ್ಟೆ. ಕೈ ತೆಗೀರಿ." ತೆಗೆದಳು. ಸಿಸ್ಟರ್ ಒಂದರ ಹಿಂದೆ ಒಂದು ಔಷಧಿ ಹಾಕಿದಳು.

ತಲೆಯೊಳಗೆ ಒತ್ತಡ ಏರಿದ್ದರೆ ಬೆನ್ನಿನ ನೀರು ತೆಗೆಯುವುದು ಅಪಾಯ, ಅದನ್ನು ತಿಳಿಯುವ ಸ್ಕ್ಯಾನಿಗೆ ಕೋಲಾರಕ್ಕೆ ಹೋಗಬೇಕು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದೆ, ನರದ ಬುಡದಲ್ಲಿ ಊತವಿರಲಿಲ್ಲ. ಕೈಕಾಲು ಎರಡೂ ಕಡೆ ಸಮನಾಗಿ ಆಡುತ್ತಿದ್ದವು, ಫಿಟ್ಸ್ ಬಂದಿರಲಿಲ್ಲ, ಕರೆದರೆ ಕಣ್ಣು ಬಿಡುತ್ತಿದ್ದಳು. ಹಾಗಾಗಿ ಸ್ಕ್ಯಾನಿಗೆ ಕಾಯದೆ ಬೆನ್ನಿನ ನೀರು ತೆಗೆಯುವ ಧೈರ್ಯ ಮಾಡಿದೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂದು ಇಲ್ಲಿ ಎಲ್ಲರೂ ಜಗಳಕ್ಕೆ ಬರುತ್ತಾರೆ. ಆವತ್ತು ಅತ್ತೆ ಜಗಳ ಮಾಡಲಿಲ್ಲ. ಅವಳೂ ದಣಿದಿದ್ದಳು ಅಂತ ಕಾಣುತ್ತದೆ.

ನೀರು ಜೋರಾಗಿ ಬಂತು. ತಿಳಿಯಾಗಿರಬೇಕಾದದ್ದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಲ್ಯಾಬಿನವರು ಹೇಳಿದ್ದೂ ಅದಕ್ಕೆ ಸರಿಯಾಗಿತ್ತು. ಬಿಳಿ ರಕ್ತಕಣ ಸಾವಿರಗಟ್ಟಲೆ, ಅದರಲ್ಲಿ ಹೆಚ್ಚುಪಾಲು ನ್ಯೂಟ್ರೋಫಿಲ್. ಪ್ರೋಟೀನ್ ಏರಿತ್ತು. ರಕ್ತದಲ್ಲಿ ಸಕ್ಕರೆ ಇರಬೇಕಾದಷ್ಟು ಇತ್ತು, ಬೆನ್ನಿನ ನೀರಿನಲ್ಲಿ ಮಾತ್ರ ತಳ ಕಂಡಿತ್ತು. ಲಿಂಫೋಸೈಟ್ ಜಾಸ್ತಿ ಇದ್ದಿದ್ದರೆ ನಮ್ಮ ಊರಿನ ಹಳೇ ನೆಂಟ ಟಿ.ಬಿ.ಯ ಕಡೆಗೆ ತಿರುಗಬೇಕಾಗಿತ್ತು. ಬಣ್ಣ ಹಾಕಿದ ಗಾಜಿನ ಮೇಲೆ ನೇರಳೆ ಚುಕ್ಕೆಗಳು ಜೋಡಿ ಜೋಡಿಯಾಗಿದ್ದವು, ನ್ಯೂಮೋಕಾಕಸ್ ಕಾಣುವುದೇ ಹಾಗೆ. ಅಂದಾಜು ಸರಿಯಾಗಿತ್ತು, ಡೆಕ್ಸಾಮೆಥಾಸೋನ್ ಮುಂದುವರಿಸಲು ಇನ್ನು ಅಳುಕಿರಲಿಲ್ಲ. ಆಮೇಲೆ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಅಂಗಡಿಯ ಆ ಮಾತ್ರೆಗಳಲ್ಲಿ ಒಂದು ಆಂಟಿಬಯೋಟಿಕ್ ಇತ್ತು, ರೋಗ ವಾಸಿ ಮಾಡುವಷ್ಟಲ್ಲ, ಸಾಕ್ಷಿ ಅಳಿಸುವಷ್ಟು. ಹಾಗಾಗಿ ಎರಡು ಔಷಧಿಯಲ್ಲಿ ಯಾವುದನ್ನು ಬಿಡಬಹುದು ಅನ್ನುವುದೂ ತಿಳಿಯಲಿಲ್ಲ. ಸಾಲದ್ದಕ್ಕೆ, ಸ್ಟೀರಾಯ್ಡ್ ಉರಿ ಇಳಿಸಿದಷ್ಟೂ ವ್ಯಾಂಕೊಮೈಸಿನ್ ಆ ನೀರಿಗೆ ಇಳಿಯುವುದು ಕಮ್ಮಿ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತದೆ. ಎರಡನ್ನೂ ಬಿಡದೆ ಹಾಕಿಸುತ್ತಾ, ದಿನಾ ಹೋಗಿ ಅವಳ ಕತ್ತು ಬಗ್ಗಿಸಿ ನೋಡುತ್ತಾ ಇದ್ದೆ.

ಜ್ವರ ಇಳಿಯಿತು. ಗುರುತು ಬಂತು. ಗಂಡನನ್ನು ಮೊದಲು ಕೇಳಿದ್ದು ಹಸುಗಳ ವಿಷಯ. ಆದರೆ ಮಾತಿಗೆ ಉತ್ತರ ಕೊಡುವಾಗ ನಮ್ಮ ತುಟಿ ನೋಡುತ್ತಾಳೆ ಅಂತ ನನಗೆ ಅನುಮಾನ ಬಂತು. ಆ ಅನುಮಾನವನ್ನು ಮನೆಗೂ ಹೊತ್ತುಕೊಂಡು ಹೋದೆ. ಮರುದಿನ ಶ್ರುತಿಕವೆ ತಟ್ಟಿ, ಅದರ ನಾದ ಕೇಳುತ್ತದೆಯೇ ಎಂದು ಅವಳ ಕಿವಿಯ ಹತ್ತಿರ ಹಿಡಿದೆ. ಬಲಗಡೆ ಏನೂ ಇಲ್ಲ. ಎಡಗಡೆ ಹಿಡಿದಾಗ "ಏನೋ ಬತ್ತಾದೆ ಮೇಡಂ" ಅಂದಳು, ನನ್ನನ್ನು ಸಂತೋಷಪಡಿಸಲು ಅಂದಳೋ ನಿಜವೋ ತಿಳಿಯಲಿಲ್ಲ. ಸರಿಯಾದ ಪರೀಕ್ಷೆಗೂ ಆ ಬಲಗಿವಿಯ ಆಪರೇಷನ್ನಿಗೂ ಕೋಲಾರದ ಕಿವಿ ಡಾಕ್ಟರಿಗೆ ತೋರಿಸಬೇಕು ಎಂದು ಹೇಳುತ್ತಾ ಅವಳ ಬಲಗಡೆ ನಿಂತಿದ್ದೆ.

ಅತ್ತೆ ಎಡಗಡೆ, ಅವಳ ಬೆನ್ನಿನ ಹಿಂದೆ ಕೂತು, ಊಟದ ಡಬ್ಬಿ ಬಿಚ್ಚುತ್ತಾ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ನನಗೇ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣ ದನಿ. "ಮುದ್ದೆ ತಂದ್ರೆ ಬ್ಯಾಡ ಅಂತಾಳೆ, ಅನ್ನ ತಂದ್ರೆ ಬ್ಯಾಡ ಅಂತಾಳೆ, ಮಾರಾಣಿ. ನಾನು ಸತ್ರೆ ಗೊತ್ತಾಯ್ತದೆ ಇವ್ಳಿಗೆ."

ಸೊಸೆ ತಿರುಗಿ ನೋಡದೆ ಹೇಳಿದಳು, "ಯಾವತ್ತು ಬ್ಯಾಡ ಅಂದೆ ಅತ್ತೆ? ನೀವು ಉಪ್ಪಾಕಿದ್ರೆ ತಾನೆ ತಿನ್ನಾಕೆ."

ಅತ್ತೆಯ ಕೈ ಡಬ್ಬಿಯ ಮೇಲೆ ನಿಂತಿತು. ನನ್ನ ಕಡೆ ನೋಡಿದಳು. ಹೌದು, ಅವಳಿಗೆ ಕೇಳಿಸಿತು ಎಂದು ನಾನು ತಲೆಯಾಡಿಸಿದೆ. ಆಕೆ ಎದ್ದು, ಊದಿದ ಮುಖವನ್ನು ಸೆರಗಿನಿಂದ ಒರೆಸಿಕೊಂಡು, ನಿಧಾನಕ್ಕೆ ಮಂಡಿ ಹಿಡಿದುಕೊಂಡು ಮಂಚವನ್ನು ಸುತ್ತಿ ನಾನಿದ್ದ ಬಲಗಡೆಗೆ ಬಂದು ನಿಂತು, ಮತ್ತೆ ಅದೇ ದನಿಯಲ್ಲಿ ಬೈಯತೊಡಗಿದಳು. ಸೊಸೆ ಅವಳ ತುಟಿ ನೋಡಿದಳು. ಆಮೇಲೆ ಎಡಗಡೆಯ ಹಾಸಿಗೆಯನ್ನು ಕೈಯಿಂದ ತಟ್ಟಿದಳು.

"ಬೈಯೋದಾದ್ರೆ ಇನ್ಮೇಲೆ ಈ ಕಡೆ ಕುಂತು ಬೈಯ್ರಿ ಅತ್ತೆ."