ಅಂಬುಜಮ್ಮನ ಕಣ್ಣು ತಪ್ಪಿಸಿದ ಹುಳ

ಕೃಷ್ಣಮೂರ್ತಿಪುರದ ಎರಡನೇ ಅಡ್ಡರಸ್ತೆಯಲ್ಲಿ ಎಲೆಕೋಸು ಕೊಂಡವರು ಅದನ್ನು ನೇರವಾಗಿ ಅಡುಗೆಮನೆಗೆ ಒಯ್ಯುತ್ತಿರಲಿಲ್ಲ. ಮೊದಲು ಅಂಬುಜಮ್ಮನಿಗೆ ತೋರಿಸುತ್ತಿದ್ದರು. ಆಕೆ ಗಡ್ಡೆಯನ್ನು ಅಂಗೈಯಲ್ಲಿ ತೂಗಿ, ಹೊರಗಿನ ಎಲೆ ಎರಡನ್ನು ಎತ್ತಿ, ಬುಡದ ಸಂದಿಯಲ್ಲಿ ಕಪ್ಪು ಕಾಳಿನಂಥ ಹಿಕ್ಕೆ ಇದೆಯೋ ಎಂದು ಒಮ್ಮೆ ನೋಡಿ, "ಒಳಗೆ ಇದ್ದಾನೆ, ನೆನೆಹಾಕು" ಎಂದರೆ ಇದ್ದೇ ಇರುತ್ತಿದ್ದ. "ಇಲ್ಲ, ಆದರೂ ನೆನೆಹಾಕು" ಎಂದರೆ ಇರುತ್ತಿರಲಿಲ್ಲ. ಹುಳುವಿಗೆ ಆಕೆ ಹೀಗೆ ಗಂಡಸಿನ ಮರ್ಯಾದೆ ಕೊಡುತ್ತಿದ್ದುದನ್ನು ಯಾರೂ ಪ್ರಶ್ನಿಸಿದವರಲ್ಲ.

ಕೋಸಿನ ವಿಷಯದಲ್ಲಿ ಆಕೆಗೆ ಈ ಹೆಸರು ಬಂದದ್ದು ಸ್ವಾತಂತ್ರ್ಯ ಬಂದ ವರ್ಷ. ಬೀದಿಯವರೆಲ್ಲ ಸೇರಿ ಮಾಡಿದ ಊಟಕ್ಕೆ ಒಂದು ಕೊಪ್ಪರಿಗೆ ಕೋಸಿನ ಪಲ್ಯ ಆಗಬೇಕಿತ್ತು. ಹೆಚ್ಚಿಟ್ಟ ಕೋಸನ್ನು ಒಲೆಗೆ ಹಾಕುವ ಹೊತ್ತಿಗೆ ಅಂಬುಜಮ್ಮ ಬಂದು ಕೈಹಾಕಿ ಒಂದಲ್ಲ, ಹದಿನಾಲ್ಕು ಹಸಿರು ಹುಳ ಆರಿಸಿ ಬಾಳೆ ಎಲೆಯ ತುಂಡಿನ ಮೇಲೆ ಸಾಲಾಗಿ ಇಟ್ಟರಂತೆ. ಆ ದಿನ ಧ್ವಜಕ್ಕೆ ಎಷ್ಟು ಜನ ವಂದನೆ ಮಾಡಿದರೋ ಗೊತ್ತಿಲ್ಲ, ಆ ಎಲೆಯನ್ನಂತೂ ಬೀದಿಯೆಲ್ಲ ಬಂದು ನೋಡಿತು. ಅಲ್ಲಿಂದ ಮುಂದೆ ಹದಿಮೂರು ವರ್ಷ ಆಕೆಯ ಮಾತೇ ಕೊನೆಯ ಮಾತು.

ಗುಟ್ಟಿನ ವಿಷಯ ಏನೆಂದರೆ, ಈಚೆಗೆ ಎರಡು ವರ್ಷದಿಂದ ಅಂಬುಜಮ್ಮನಿಗೆ ಹುಳ ಕಾಣುತ್ತಿರಲಿಲ್ಲ.

ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಬೆಟ್ಟದ ಮೇಲಿನ ಗೋಪುರ ಮನೆಯ ಮಹಡಿಯಿಂದ ಸ್ಪಷ್ಟ. ಕೈಯಲ್ಲಿರುವ ಕೋಸು ಮಾತ್ರ ಹಸಿರು ಮಂಜು. ಕನ್ನಡಕ ಹಾಕಿಕೊಳ್ಳಬಹುದಿತ್ತು, ಆದರೆ ಕನ್ನಡಕ ಹಾಕಿಕೊಂಡ ಅಂಬುಜಮ್ಮನ ಮಾತನ್ನು ನಂಬುವವರು ಯಾರು? ಹೀಗಾಗಿ ಆಕೆ ಒಂದು ಉಪಾಯ ಕಂಡುಕೊಂಡಿದ್ದರು. ಯಾರ ಕೋಸು ಬಂದರೂ ತಾವು ನೋಡಿದಂತೆ ಮಾಡಿ ಸೊಸೆಯಿಂದ ನೋಡಿಸುವುದು, ಅದರ ಹೆಸರು ಸೊಸೆಗೆ ಪರೀಕ್ಷೆ.

ಸೊಸೆ ಚೂಡಾಮಣಿ ಮೆಲ್ಲಗೆ ಮಾತಾಡುವ ಹುಡುಗಿ. ನೆನೆಹಾಕಿದ ಹೂಕೋಸಿನ ಪಾತ್ರೆಯ ಮುಂದೆ ಆಕೆಯನ್ನು ಕೂರಿಸಿ ಅತ್ತೆ ಕೇಳುವರು: "ಹೇಳು ನೋಡೋಣ ಚೂಡಾ, ಎಷ್ಟು ತೇಲ್ತಿವೆ?"

"ಮೂರು, ಅತ್ತೆ."

"ಕಣ್ಣಿಲ್ವೇನೇ? ಸರಿಯಾಗಿ ನೋಡೇ. ಇನ್ನೊಂದಿದೆ."

ಇದು ಶುದ್ಧ ಬುರುಡೆ. ಆದರೆ ಚೂಡಾಮಣಿ ಬಗ್ಗಿ ನೋಡಿ, "ಹೌದು ಅತ್ತೆ, ಪಾತ್ರೆ ಅಂಚಿನಲ್ಲಿತ್ತು" ಎನ್ನುವಳು. ಪ್ರತಿ ಸಲವೂ ಇನ್ನೊಂದು ಇರುತ್ತಿತ್ತು. ಕಣ್ಣು ಹೋದರೂ ಕೋಸಿನ ಒಳಮರ್ಮ ತನಗೆ ದೈವದತ್ತವಾಗಿ ತಿಳಿಯುತ್ತದೆ ಎಂದು ಅಂಬುಜಮ್ಮ ನಿಧಾನವಾಗಿ ನಂಬತೊಡಗಿದ್ದರು.

ಆ ನಂಬಿಕೆಯ ಭರದಲ್ಲೇ ಎಡವಟ್ಟಾಯಿತು. ಕಿರಿಯ ಮಗಳ ನಿಶ್ಚಿತಾರ್ಥದ ದಿನ, ನಂಜನಗೂಡಿನ ಬೀಗರಾದ ಕೃಷ್ಣಸ್ವಾಮಿಗಳು ಮದುವೆ ಊಟದ ಪಟ್ಟಿಯಲ್ಲಿ ಕೋಸಿನ ಹೆಸರು ಕೇಳಿ ಮೂಗು ಮುರಿದರು.

"ಕೋಸು, ಹೂಕೋಸು ಎರಡೂ ಬೇಡ. ನಾಲ್ಕು ವರ್ಷದಿಂದ ನಾನು ಮುಟ್ಟಿಲ್ಲ. ಎಷ್ಟು ತೊಳೆದ್ರೂ ಅದರೊಳಗೆ ಹುಳ ಇದ್ದೇ ಇರುತ್ತೆ. ಮಡಿ ಊಟದಲ್ಲಿ ಮಾಂಸ ಬಡಿಸಿದ ಹಾಗೆ."

"ನಮ್ಮನೇಲಿ ಇರಲ್ಲ, ಬೀಗರೆ" ಎಂದರು ಅಂಬುಜಮ್ಮ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ಒಂದೇ ಒಂದು ಹುಳ ನೀವು ತೋರಿಸಿದ್ರೆ, ಅವತ್ತಿಂದ ನಾನು ಈಳಿಗೆಮಣೆ ಮುಂದೆ ಕೂರಲ್ಲ. ಯಾರ ಮನೆ ಕೋಸಿಗೂ ಕೈ ಹಾಕಲ್ಲ." ತುಂಬಿದ ಸಭೆಯಲ್ಲಿ ಮಾತು ಬಾಯಿಂದ ಹೊರಬಿದ್ದಾಗಿತ್ತು. ಗಂಡ ರಾಮಸ್ವಾಮಿಗಳು ಅಂಗವಸ್ತ್ರದಲ್ಲಿ ಮುಖ ಒರೆಸಿಕೊಂಡರು.

ಮಾಘಮಾಸದ ಮದುವೆ. ಮೂರು ದಿನ ಮೊದಲೇ ಮಾರುಕಟ್ಟೆಯಿಂದ ತರಕಾರಿ ಜವರಯ್ಯ ಕೈಗಾಡಿಯಲ್ಲಿ ನಲವತ್ತು ಎಲೆಕೋಸು, ಮೂವತ್ತು ಹೂಕೋಸು ತಂದಿಳಿಸಿದ.

"ಮೂರ್ ದಿನ ಮೊದ್ಲೇ ಯಾಕಪ್ಪಾ ತಂದೆ?"

"ಏನ್ ಮಾಡ್ಲಿ ಅಮ್ಮಾವ್ರೆ, ಮದ್ವೆ ಕಾಲ, ನಾಳೀಕೆ ಎಲ್ಲಾ ಎತ್ಕೊಂಡ್ ಒಂಟೋಯ್ತಾರೆ. ಮೇಲಿನ ಎಲೆ ಮಾತ್ರ ಕೀಳ್ಬ್ಯಾಡಿ, ಅಂಗೇ ಮಡಗ್ಬುಡಿ. ಏನೂ ಆಗಾಕಿಲ್ಲ."

ಇದು ಅಂಬುಜಮ್ಮನಿಗೆ ಹೇಳಿಕೊಡಬೇಕಾದ ವಿಷಯವೇ? ಉಗ್ರಾಣದ ತಣ್ಣನೆ ನೆಲಕ್ಕೆ ಒಣ ಹುಲ್ಲು ಹಾಸಿಸಿದರು. ಎಲೆಕೋಸುಗಳನ್ನು ಒಂದಕ್ಕೊಂದು ತಾಕದ ಹಾಗೆ, ಹೊರ ಎಲೆಯ ಸಮೇತ ಸಾಲಾಗಿ ಇಡಿಸಿದರು. ಹೂಕೋಸುಗಳನ್ನು ಎಲೆಯೊಂದಿಗೇ ಬೋರಲು ಮಾಡಿಸಿದರು, ಹೂವಿನ ಮೇಲೆ ಪಸೆ ನಿಂತು ಕಪ್ಪು ಚುಕ್ಕೆ ಬೀಳಬಾರದು. ಕಿಟಕಿ ತೆರೆಸಿ, ಬಿಸಿಲು ಬೀಳದಂತೆ ಗೋಣಿ ತೂಗುಹಾಕಿಸಿದರು.

ರಾಮಸ್ವಾಮಿಗಳಿಗೆ ಮಾತ್ರ ಸಮಾಧಾನವಿಲ್ಲ. ಅರಮನೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು, ಏನನ್ನೂ ಅದರ ಪಾಡಿಗೆ ಬಿಟ್ಟು ಗೊತ್ತಿಲ್ಲ. ಮಧ್ಯಾಹ್ನ ಹೂವಿನ ಗಿಡಕ್ಕೆ ನೀರು ಹಾಕುವ ಝಾರಿ ಹಿಡಿದು ಉಗ್ರಾಣಕ್ಕೆ ನುಗ್ಗಿದರು.

"ಅಯ್ಯೋ, ಏನ್ರೀ ಮಾಡ್ತಿದೀರ?"

"ಬಾಡ್ತವೆ ಕಣೇ. ಸ್ವಲ್ಪ ಚಿಮುಕಿಸ್ತೀನಿ."

"ನೀರು ಬಿದ್ರೆ ನಾಳಿದ್ದಿಗೆ ಕೊಳ್ತು ನಾರ್ತವೆ. ತೊಳೆಯೋದು ಹೆಚ್ಚೋ ದಿನ ಮಾತ್ರ. ನೀವು ಹೊರಗೆ ಹೋಗಿ ಚಪ್ಪರ ನೋಡ್ಕೊಳಿ."

ಆಮೇಲೆ ಉಗ್ರಾಣಕ್ಕೆ ಬೀಗ ಬಿತ್ತು, ಬೀಗದ ಕೈ ಆಕೆಯ ಸೊಂಟ ಸೇರಿತು. ಹೆಚ್ಚುವ ದಿನದವರೆಗೂ ಒಂದು ಗಡ್ಡೆಯೂ ಕೆಡಲಿಲ್ಲ.

ವರಪೂಜೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಎಂಟು ಈಳಿಗೆಮಣೆ ಸಾಲಾಗಿ ಕೂತವು. ಎಲೆಕೋಸಿನ ಹೊರ ಎಲೆ ಬಿಡಿಸಿ, ನಾಲ್ಕು ಸೀಳು ಮಾಡಿ, ದಿಂಡಿನ ಹತ್ತಿರ ಎಲೆ ಎಲೆ ಸರಿಸಿ ನೋಡಬೇಕು. ಹೂಕೋಸನ್ನು ಸಣ್ಣ ಗೊಂಚಲಾಗಿ ಬಿಡಿಸಿ, ಕಲ್ಲುಪ್ಪು ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹೂವು ಕೆಳಮುಖವಾಗಿ ಮುಳುಗಿಸಿ ಕಾಲು ಗಂಟೆ ಬಿಡಬೇಕು. ಅಡುಗೆಯ ಅಶ್ವತ್ಥನಿಗೆ ಅಷ್ಟು ತಾಳ್ಮೆಯಿಲ್ಲ. ಕುದಿಯುವ ನೀರಿನ ತಪ್ಪಲೆ ಹೊತ್ತು ಬಂದ.

"ಇದನ್ನ ಸುರಿದ್ಬಿಡ್ತೀನಿ ಅಮ್ಮಾ, ಎಲ್ಲ ಒಂದೇ ಸಲಕ್ಕೆ ಸಾಯ್ತವೆ."

"ಸತ್ತರೆ ಏನು ಲಾಭ? ಸತ್ತವನು ಅಲ್ಲೇ ಕಚ್ಚಿಕೊಂಡಿರ್ತಾನೆ. ಉಪ್ಪುನೀರು ಹಾಕೋದು ಜೀವಂತವಾಗಿ ಹೊರಗೆ ಬರಲಿ ಅಂತ." ಅಶ್ವತ್ಥ ತಪ್ಪಲೆ ವಾಪಸು ಒಯ್ದ. ಆಕೆ ಹಿಂದಿನಿಂದ ಕೂಗಿದರು: "ಕಾಲು ಗಂಟೆ ಮೇಲೆ ಬಿಡಬೇಡ. ಮೆತ್ತಗಾಗಿ ಉಪ್ಪು ಹೀರಿಬಿಡುತ್ತೆ!"

ಚೂಡಾಮಣಿ ಎಲೆಕೋಸಿನ ಸಾಲಿನಲ್ಲಿದ್ದಳು. ಹೂಕೋಸಿನ ಮೊದಲ ಬುಟ್ಟಿಯನ್ನು ಅಂಬುಜಮ್ಮ ತಾವೇ ಬಿಡಿಸಿದ್ದರು. ಕಣ್ಣು ಆಡದೆ ಬೆರಳಿನ ಅಂದಾಜಿನ ಮೇಲೆ ಬಿಡಿಸಿದ್ದರಿಂದ ಗೊಂಚಲುಗಳು ಮುಷ್ಟಿ ಗಾತ್ರ ಇದ್ದವು. ನೀರಿನಲ್ಲಿ ಮುಳುಗಿ, ತೊಳೆದು, ಸೋಸಿ, ಮರುದಿನದ ಒಲೆಗೆ ತಯಾರಾಗಿ ಕೂತಿದ್ದವು.

ಆಗ ಬೀಗರು ಬಂದರು. ಗಂಡಿನ ಕಡೆಯವರನ್ನು ಚಪ್ಪರದಲ್ಲಿ ಕೂರಿಸಿ ಪಾನಕ ಕೊಡುವಷ್ಟರಲ್ಲೇ ಕೃಷ್ಣಸ್ವಾಮಿಗಳು ಲೋಟ ಹಿಡಿದುಕೊಂಡೇ ಹಿತ್ತಿಲಿಗೆ ಬಂದುಬಿಟ್ಟರು. ಹಿಂದೆ ಅವರ ಕಡೆಯ ಹತ್ತು ಜನ. ಬುಟ್ಟಿಗೆ ಕೈಹಾಕಿ ಒಂದು ಗೊಂಚಲು ಎತ್ತಿ ಅಂಬುಜಮ್ಮನ ಮುಂದೆ ಹಿಡಿದರು.

"ನೋಡಿ ಹೇಳಿ, ಬೀಗಿತ್ತಿಯವರೆ. ಇದೆಯೋ ಇಲ್ವೋ?"

ಅಂಬುಜಮ್ಮ ಗೊಂಚಲನ್ನು ಕೈಗೆ ತೆಗೆದುಕೊಂಡರು. ಬಿಳಿ ಮಂಜು, ಅಷ್ಟೆ. ತೋಳು ಪೂರ ಚಾಚಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಇಲ್ಲ ಎನ್ನಬಹುದು, ಯಾರೂ ಎದುರು ಮಾತಾಡುವುದಿಲ್ಲ. ಆದರೆ ಬೆರಳಿಗೆ ಈಗ ಗೊಂಚಲಿನ ಗಾತ್ರ ತಿಳಿಯಿತು. ಇಷ್ಟು ದಪ್ಪ ಇದ್ದರೆ ಉಪ್ಪುನೀರು ಒಳಸಂದಿಗೆ ಇಳಿಯುವುದಿಲ್ಲ. ಇಡೀ ಬುಟ್ಟಿ ಹೀಗೇ ಇದೆ. ಇದು ನಾಳೆ ಮುನ್ನೂರು ಎಲೆಯ ಮೇಲೆ ಬೀಳುತ್ತದೆ, ಅದರಲ್ಲಿ ಮೊದಲ ಎಲೆ ಮಗಳ ಮಾವನದು. ತನ್ನ ಹೆಸರು ಉಳಿಸಿಕೊಳ್ಳಲು ಮಗಳನ್ನು ಜೀವನವಿಡೀ ಹಂಗಿಸುವಂಥ ಮಾತಿಗೆ ಒಪ್ಪಿಸಬೇಕೆ? ಆಕೆಗೆ ಅಳು ಬಂತು, ಅಳಲಿಲ್ಲ.

"ನನಗೆ ಕಾಣಲ್ಲ, ಬೀಗರೆ" ಎಂದರು ಗಟ್ಟಿಯಾಗಿ. "ಎರಡು ವರ್ಷದಿಂದ ಕಾಣ್ತಿಲ್ಲ. ಚೂಡಾ, ಬಾ ಇಲ್ಲಿ. ನೀನು ನೋಡು."

ಚೂಡಾಮಣಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಗೊಂಚಲನ್ನು ದಂಟಿನ ಉದ್ದಕ್ಕೆ ಎರಡಾಗಿ ಸೀಳಿದಳು. ಕವಲಿನ ಸಂದಿಯಲ್ಲಿ, ದಂಟಿನದೇ ಬಣ್ಣದ ಒಂದು ಹುಳ ಮೈ ಮುರಿಯಿತು.

"ಒಂದಿದೆ" ಎಂದಳು.

"ಇನ್ನೊಂದಿದೆಯಾ?" ಅಂಬುಜಮ್ಮ ಕೇಳಿದರು. ಈ ಸಲ ಅದು ಪರೀಕ್ಷೆಯಲ್ಲ.

"ಇಲ್ಲ ಅತ್ತೆ. ಒಂದೇ." ಸೊಸೆ ತಲೆ ತಗ್ಗಿಸಿದಳು. "ಯಾವತ್ತೂ ನಾನು ಕಂಡಿದ್ದಕ್ಕಿಂತ ಇನ್ನೊಂದು ಇರ್ತಿರ್ಲಿಲ್ಲ. ನಾನೇ ಲೆಕ್ಕ ಒಂದು ಕಡಿಮೆ ಹೇಳಿ, ಒಂದನ್ನ ಉಳಿಸ್ಕೋತಿದ್ದೆ. ನೀವು ಇನ್ನೊಂದಿದೆ ಅಂತೀರಲ್ಲ, ಅದಕ್ಕೆ."

ಅಂಬುಜಮ್ಮನ ಒಳಮರ್ಮ, ದೈವದತ್ತ ಎಲ್ಲ ಹಿತ್ತಿಲಲ್ಲೇ ಮಣ್ಣುಪಾಲಾಯಿತು. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗಿಟ್ಟರು. ಎರಡು ವರ್ಷ ತನ್ನ ಸುಳ್ಳನ್ನು ಸುಳ್ಳಾಗದಂತೆ ನೋಡಿಕೊಂಡವಳನ್ನು ತಾನು ದಿನವೂ ಕಣ್ಣಿಲ್ಲದವಳೆಂದು ಬೈದದ್ದು ನೆನಪಾಗಿ ಆಕೆಗೆ ನಾಚಿಕೆಯಾಯಿತು.

ಎಲ್ಲರೂ ಕೃಷ್ಣಸ್ವಾಮಿಗಳ ಮುಖ ನೋಡಿದರು. ಅವರು ಚೂಡಾಮಣಿಯ ಅಂಗೈ ಕಡೆ ಬಗ್ಗಿದರು. ಆಮೇಲೆ ಹಿಂದೆ ಸರಿದರು. ಆಮೇಲೆ ಇನ್ನೂ ಹಿಂದೆ ಸರಿದು, ತುಳಸಿಕಟ್ಟೆಗೆ ಬೆನ್ನು ತಾಕಿದ ಮೇಲೆ ಕೇಳಿದರು: "ಎಲ್ಲಮ್ಮಾ ಇದೆ?"

"ನಿಮಗೂ ಕಾಣಲ್ವೇ?" ಎಂದರು ಅಂಬುಜಮ್ಮ.

"ನಾಲ್ಕು ವರ್ಷ ಆಯ್ತು" ಎಂದು ಬೀಗರು ಕೆಳದನಿಯಲ್ಲಿ ಒಪ್ಪಿಕೊಂಡರು. "ಮನೇಲಿ ಹೇಳೋಕೆ ನಾಚಿಕೆ. ಕಾಣದೆ ತಿನ್ನೋಕೆ ಭಯ. ಅದಕ್ಕೇ ಕೋಸೇ ಬಿಟ್ಬಿಟ್ಟೆ. ಹೂಕೋಸಿನ ಹುಳಿ ಅಂದ್ರೆ ನನಗೆ ಪ್ರಾಣ."

ಬುಟ್ಟಿ ಪೂರ್ತಿ ವಾಪಸು ಬಂತು. ಚೂಡಾಮಣಿ ಹೇಳಿದಷ್ಟೇ ಗಾತ್ರಕ್ಕೆ ಎಲ್ಲರೂ ಬಿಡಿಸಿದರು, ಹೊಸ ಉಪ್ಪುನೀರು ಬಂತು, ಇನ್ನೂ ಒಂಬತ್ತು ಹುಳ ಹೊರಬಿದ್ದವು. ತಾವಾಡಿದ ಮಾತಿಗೆ ಕಟ್ಟುಬಿದ್ದು ಅಂಬುಜಮ್ಮ ಈಳಿಗೆಮಣೆಯಿಂದ ಎದ್ದರು. ಹುಳ ತೋರಿಸಿದ್ದು ನಾನಲ್ಲ, ನಿಮ್ಮ ಸೊಸೆ, ಆ ಮಾತು ಲೆಕ್ಕಕ್ಕಿಲ್ಲ ಎಂದು ಬೀಗರು ಅಂದರೂ ಆಕೆ ಮತ್ತೆ ಕೂರಲಿಲ್ಲ.

ಮರುದಿನ ಧಾರೆ ಮುಗಿದು ಪಂಕ್ತಿ ಕೂತಿತು. ಅಂಬುಜಮ್ಮನೇ ಹೂಕೋಸಿನ ಹುಳಿ ಬಡಿಸಲು ಬಂದರು. ಕೃಷ್ಣಸ್ವಾಮಿಗಳು ಎಲೆಗೆ ಅಡ್ಡ ಕೈ ಹಿಡಿದು, ಆಕೆಯ ಭುಜದಾಚೆ ನೋಡುತ್ತ ಕೇಳಿದರು: "ಚೂಡಾಮಣೀ, ಇದನ್ನ ನೀನು ನೋಡಿದೀಯೇನಮ್ಮ?"

"ನೋಡಿದೀನಿ, ಬಡಿಸಿಕೊಳ್ಳಿ."

ಬೀಗರು ಕೈ ತೆಗೆದರು. ಹದಿಮೂರು ವರ್ಷ ಬೀದಿ ತನ್ನನ್ನು ಕೇಳುತ್ತಿದ್ದ ಪ್ರಶ್ನೆ ತಲೆಯ ಮೇಲಿಂದ ಹಾದು ಸೊಸೆಗೆ ಹೋದದ್ದು ಅಂಬುಜಮ್ಮನಿಗೆ ಚುರುಕ್ಕೆಂದಿತು. ಸೌಟು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಆಕೆ ಎರಡು ಸೌಟು ತುಂಬ ಬಡಿಸಿ, ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದರು: "ನನ್ನ ಸೊಸೆ ನೋಡಿದಾಳೆ. ಧೈರ್ಯವಾಗಿ ಊಟ ಮಾಡಿ."